ಗೌರವ ಇರುವುದು ಕ್ರಿಯಾಪದದ ಕೊನೆಯಲ್ಲಿ

ಕನ್ನಡ ಕಲಿಯುತ್ತಿರುವವರಿಗೆ ಒಂದು ಸಲಹೆ: ‘ಅಮ್ಮ’, ‘ಅಪ್ಪ’ ಸೇರಿಸಿದರೆ ಗೌರವ ತೋರಿಸಲು ಸಾಕು ಅಂದುಕೊಳ್ಳಬೇಡಿ, ಮೊದಲು ಕ್ರಿಯಾಪದಕ್ಕೆ ಬಹುವಚನ ಹಾಕಿ. ಅಮ್ಮ, ಅಪ್ಪ ತರುವುದು ಸಲುಗೆ. ಗೌರವ ತರುವುದು ‘ಬನ್ನಿ’, ‘ಬಂದರು’ ಅನ್ನುವ ರೂಪ. ‘ಬಾರಮ್ಮ, ಕೂತ್ಕೊ’ ಅಂತ ಮಗಳಿಗೆ, ಚಿಕ್ಕವರಿಗೆ ಹೇಳಬಹುದು. ಹಿರಿಯರಿಗೆ ‘ಬನ್ನಿ ಅಮ್ಮ, ಕೂತ್ಕೊಳ್ಳಿ’ ಅನ್ನಬೇಕು. ಆಟೋ ಓಡಿಸುವವರನ್ನು ‘ಏನಪ್ಪ, ಬರ್ತೀಯಾ?’ ಅಂದರೆ ದರ್ಪದಂತೆ ಕೇಳುತ್ತದೆ, ಅದರಲ್ಲೂ ಅವರು ನಿಮಗಿಂತ ದೊಡ್ಡವರಾಗಿದ್ದರೆ. ‘ಬರ್ತೀರಾ?’ ಅಂದರೆ ಸಾಕು, ಅಪ್ಪ ಬೇಕಾಗಿಯೇ ಇಲ್ಲ. ಲಕ್ಷ್ಮಮ್ಮ, ರಾಮಪ್ಪ ಇಂಥ ಹೆಸರುಗಳಲ್ಲಿ ಅಮ್ಮ, ಅಪ್ಪ ಹೆಸರಿನ ಭಾಗ ಅಷ್ಟೇ. ಮಾತಿನಲ್ಲಿ ‘ಲಕ್ಷ್ಮಮ್ಮ ಬಂದರು’ ಅಂದರೂ ಮರ್ಯಾದೆಯೇ. ಪತ್ರ, ಆಮಂತ್ರಣಗಳಲ್ಲಿ ಮಾತ್ರ ‘ಲಕ್ಷ್ಮಮ್ಮನವರು’ ಅಂತ ಬರೆಯಿರಿ. ನಡುವೆ ‘ನ’ ಬರುತ್ತದೆ, ಮರೆಯಬೇಡಿ. ‘ಅವರು’ ಹಾಕಿ ಆಮೇಲೆ ‘ಬಂದಳು’ ಅಂದರೆ ಕಿವಿಗೆ ಚುಚ್ಚುತ್ತದೆ. ಈ ಸೂತ್ರ ನಡೆಯದ ಜಾಗ ಮನೆ. ಎಷ್ಟೋ ಮನೆಗಳಲ್ಲಿ ‘ಅಪ್ಪ ಬಂದರು’ ಅನ್ನುವ ಮಕ್ಕಳೇ ‘ಅಮ್ಮ ಬಂದಳು’ ಅನ್ನುತ್ತಾರೆ. ಅದು ಅಗೌರವ ಅಲ್ಲ, ಪ್ರೀತಿ. ಆದರೆ ಬೇರೆಯವರ ತಾಯಿಗೆ ಆ ಸಲುಗೆ ಬೇಡ: ‘ನಿಮ್ಮ ಅಮ್ಮ ಹೇಗಿದ್ದಾರೆ?’ ಅಂತಲೇ ಕೇಳಿ.