ಮೂರು ರಾತ್ರಿ ನೋಡು, ಆಮೇಲೆ ಬೈಯಿ

ಹಾಸನ
ಭಾನುವಾರ, ರಾತ್ರಿ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು 'ದಿ ವೈರ್' ಎಂಬ ಅಮೆರಿಕದ ಪೊಲೀಸ್ ಟಿವಿ ಸರಣಿಯನ್ನು ತರಾಟೆಗೆ ತೆಗೆದುಕೊಂಡೆಯಲ್ಲ, ಅದಕ್ಕೆ ಆಗಲೇ ಉತ್ತರ ಕೊಡಬೇಕೆಂದಿದ್ದೆ. ಅಷ್ಟರಲ್ಲಿ ನಿಮ್ಮ ಮೂಡಿಗೆರೆ ಕಡೆಯ ಮಳೆಗೆ ಸಿಗ್ನಲ್ ಹೋಯಿತು. ಇರಲಿ, ಕಾಗದದಲ್ಲಿ ಬರೆದರೆ ನೀನು ಮಧ್ಯೆ ಬಾಯಿ ಹಾಕಲಾರೆ.

ನಿನ್ನ ದೂರು ನನಗೆ ಬಾಯಿಪಾಠವಾಗಿದೆ. "ಮೊದಲನೇ ದೃಶ್ಯದಲ್ಲಿ ಬೀದಿಯಲ್ಲಿ ಒಬ್ಬ ಹುಡುಗ ಸತ್ತು ಬಿದ್ದಿರುತ್ತಾನೆ. ಪತ್ತೇದಾರ ಬಂದು ಜಗಲಿಯ ಮೇಲೆ ಕೂತು ಹರಟೆ ಹೊಡೆಯುತ್ತಾನೆ. ಆಮೇಲೆ ಆ ಹುಡುಗನ ಸುದ್ದಿಯೇ ಇಲ್ಲ. ಇಪ್ಪತ್ತೈದು ನಿಮಿಷದಲ್ಲಿ ಮೂವತ್ತು ಜನ ಬಂದು ಹೋದರು, ಒಬ್ಬನ ಹೆಸರೂ ತಲೆಗೆ ಹತ್ತಲಿಲ್ಲ." ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ನಾನೂ ಎರಡು ಸಲ ಅಲ್ಲೇ ಎಲ್ಲೋ ಕೈಬಿಟ್ಟವನು. ಕೊರೊನಾ ಕಾಲದಲ್ಲಿ ಮೊಬೈಲ್ ಹಿಡಿದು ಮಲಗಿ ನೋಡಲು ಹೋಗಿ, ಹದಿನೈದು ನಿಮಿಷಕ್ಕೆ ಮೊಬೈಲ್ ಮೂಗಿನ ಮೇಲೆ ಬಿದ್ದಿತ್ತು. ಎರಡನೆಯ ಸಲ ಊಟ ಮಾಡುತ್ತಾ ನೋಡಿದೆ. ಸಾರು ಬಡಿಸಿಕೊಳ್ಳುವಷ್ಟರಲ್ಲಿ ಯಾರು ಪೊಲೀಸ್, ಯಾರು ಪೊಲೀಸರ ಮೇಲಧಿಕಾರಿ ಎಂಬುದೇ ಕಲಸುಮೇಲೋಗರವಾಯಿತು.

ಮೂರನೆಯ ಸಲ ಹೇಗೆ ದಡ ಸೇರಿದೆ ಎಂಬುದನ್ನಷ್ಟೇ ಹೇಳುತ್ತೇನೆ. ಈ ಸರಣಿಯನ್ನು ಯಾರು ಯಾರು ಹೊಗಳಿದ್ದಾರೆ ಎಂದು ಹೇಳಿ ನಿನ್ನನ್ನು ಒಪ್ಪಿಸಲಾರೆ. 2021ರಲ್ಲಿ ಬಿಬಿಸಿಯವರು ವಿಮರ್ಶಕರನ್ನು ಕೇಳಿ ಮಾಡಿದ ಪಟ್ಟಿಯಲ್ಲಿ ಈ ಶತಮಾನದ ಅತ್ಯುತ್ತಮ ಟಿವಿ ಸರಣಿ ಇದೇ ಎಂದು ಬಂದಿತ್ತು. ಆದರೆ 2002ರಿಂದ 2008ರವರೆಗೆ ಪ್ರಸಾರವಾದಾಗ ಇದಕ್ಕೆ ಒಂದೇ ಒಂದು ಎಮ್ಮಿ ಪ್ರಶಸ್ತಿಯೂ ಸಿಗಲಿಲ್ಲ. ನಿನ್ನಂತೆ ಕೈಬಿಟ್ಟವರು ಅಲ್ಲಿಯೂ ಬೇಕಾದಷ್ಟಿದ್ದರು ಎಂದಾಯಿತು.

ಮೂರನೆಯ ಸಲ ನಾನು ಮೊದಲು ಮಾಡಿದ್ದು ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ಟಿವಿ ಮುಂದೆ ಕೂತದ್ದು. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡೆ. ನಿನ್ನ ಇಂಗ್ಲಿಷ್ ನನಗಿಂತ ಚೆನ್ನಾಗಿದೆ ಎಂದು ಗೊತ್ತು, ಆದರೂ ಹಾಕಿಕೋ. ಬಾಲ್ಟಿಮೋರ್ ನಗರದ ಗಲ್ಲಿ ಹುಡುಗರ ಮಾತು ನಾವು ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಅಲ್ಲ. ಆಮೇಲೆ ಗೋಡೆಯ ಕ್ಯಾಲೆಂಡರಿನ ಹಳೆಯ ತಿಂಗಳ ಹಾಳೆ ಹರಿದು, ಹಿಂಬದಿಯಲ್ಲಿ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ಪೊಲೀಸರು, ಬಲಕ್ಕೆ ಹೆರಾಯಿನ್ ಮಾರುವ ಗುಂಪಿನವರು. ಹೆಸರು ಕಿವಿಗೆ ಬಿದ್ದ ಕೂಡಲೇ ಬರೆದುಕೊಂಡೆ. ಮೇಲಿನವರನ್ನು ಮೇಲೆ, ಕೆಳಗಿನವರನ್ನು ಕೆಳಗೆ. ನನ್ನಾಕೆ ಬಂದು ನೋಡಿ, "ಇದೇನು, ಮನೆಗೂ ಕಚೇರಿ ಕೆಲಸ ತಂದಿರಾ?" ಎಂದಳು.

ಕಚೇರಿಯ ಕೆಲಸವೇ ನನ್ನನ್ನು ಉಳಿಸಿತು ಎನ್ನಬೇಕು. ನೀನು ನಿಲ್ಲಿಸುವ ಮೊದಲೇ ಒಂದು ಕೋರ್ಟಿನ ಕಥೆ ನಡೆಯುತ್ತದೆ. ಡಿಆಂಜೆಲೊ ಎಂಬ ಹುಡುಗನ ಮೇಲೆ ಕೊಲೆ ಆರೋಪ. ಇಬ್ಬರು ಸಾಕ್ಷಿಗಳು. ಒಬ್ಬ ಹೆಂಗಸು ಕಟಕಟೆಗೆ ಬಂದವಳೇ ಮೊದಲು ಕೊಟ್ಟ ಹೇಳಿಕೆಯನ್ನು ನುಂಗಿಬಿಡುತ್ತಾಳೆ. ಇಪ್ಪತ್ತೆರಡು ವರ್ಷ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದವನು ನಾನು. "ಸದರಿ ಸಾಕ್ಷಿಯನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಬೇಕು" ಎಂಬ ಸಾಲನ್ನು ಎಷ್ಟು ಸಲ ಹೊಡೆದಿದ್ದೇನೋ ಲೆಕ್ಕವಿಲ್ಲ. ತಿರುಗಿ ಬೀಳುವ ಸಾಕ್ಷಿ ವಕೀಲರನ್ನು ನೋಡುವುದಿಲ್ಲ, ನ್ಯಾಯಾಧೀಶರನ್ನೂ ನೋಡುವುದಿಲ್ಲ, ಹಿಂದಿನ ಬೆಂಚಿನ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಇಲ್ಲಿಯೂ ಹಿಂದಿನ ಬೆಂಚಿನಲ್ಲಿ ಜನ ಕೂತಿದ್ದಾರೆ. ಅವರ ನಡುವೆ ಕನ್ನಡಕ ಹಾಕಿಕೊಂಡು, ಹಳದಿ ಹಾಳೆಯ ಪುಸ್ತಕದಲ್ಲಿ ಏನನ್ನೋ ಗೀಚುತ್ತಾ ಒಬ್ಬ ಕೂತಿದ್ದಾನೆ. ನೋಡಿದರೆ ವಕೀಲರ ಗುಮಾಸ್ತ ಅನ್ನಬೇಕು. ಅವನೇ ಸ್ಟ್ರಿಂಗರ್ ಬೆಲ್, ಆ ಗುಂಪಿನ ಎರಡನೆಯ ತಲೆ. ಅದೇ ಕೋಣೆಯಲ್ಲಿ ಮೆಕ್‌ನಲ್ಟಿ ಎಂಬ ಪತ್ತೇದಾರನೂ ಕೂತು ಇದನ್ನೆಲ್ಲ ನೋಡುತ್ತಿದ್ದಾನೆ. ಇಡೀ ಕಥೆ ಹುಟ್ಟುವುದು ಆ ಕೋಣೆಯಲ್ಲಿ. ಹಿನ್ನೆಲೆ ಸಂಗೀತವಿಲ್ಲ, ಯಾರ ಮುಖದ ಮೇಲೂ ಕ್ಯಾಮೆರಾ ರಪ್ಪನೆ ಹೋಗಿ ನಿಲ್ಲುವುದಿಲ್ಲ. ಅದಕ್ಕೇ ನಿನಗೆ ಏನೂ ನಡೆಯಲಿಲ್ಲ ಅನ್ನಿಸಿದ್ದು.

ಸಂಗೀತದ ವಿಷಯ ಸಣ್ಣದಲ್ಲ. ನಮ್ಮ ಧಾರಾವಾಹಿಗಳಲ್ಲಿ ಅತ್ತೆ ತಿರುಗಿ ನೋಡಿದರೂ ತಮಟೆ ಬಾರಿಸುತ್ತಾರೆ. ಇದರಲ್ಲಿ ಹಾಡು ಕೇಳಿಸಿತೆಂದರೆ ಹೆಚ್ಚಿನ ಸಲ ಅದು ಕಾರಿನ ಸ್ಟೀರಿಯೊದಿಂದಲೋ ಬಾರಿನ ಪೆಟ್ಟಿಗೆಯಿಂದಲೋ ಬಂದಿರುತ್ತದೆ. ಈಗ ಹೆದರು, ಈಗ ಅಳು ಎಂದು ಹೇಳಿಕೊಡುವವರು ಇಲ್ಲ. ಬರೆದವರಲ್ಲಿ ಡೇವಿಡ್ ಸೈಮನ್ ಆ ಊರಿನ ಪತ್ರಿಕೆಯಲ್ಲಿ ಅಪರಾಧ ಸುದ್ದಿ ಬರೆಯುತ್ತಿದ್ದವನು, ಎಡ್ ಬರ್ನ್ಸ್ ಅಲ್ಲಿಯೇ ಕೊಲೆ ಪ್ರಕರಣಗಳ ಪತ್ತೇದಾರನಾಗಿದ್ದು ಆಮೇಲೆ ಮೇಷ್ಟ್ರಾದವನು. ಕಂಡದ್ದನ್ನು ಕಂಡ ಹಾಗೆ ಇಟ್ಟು ಸುಮ್ಮನಾಗುವುದು ಇಬ್ಬರಿಗೂ ಅಭ್ಯಾಸ.

ಇಡೀ ಸರಣಿಯಲ್ಲಿ ಅವರು ನೋಡುಗನ ಕೈ ಹಿಡಿಯುವುದು ಒಂದೇ ಸಲ, ಅದೂ ತಾವಾಗಿ ಅಲ್ಲ. ಮೊದಲ ಕಂತಿನ ಕಡೆಯಲ್ಲಿ ಒಂದು ಮುಖ ಕಾಣುತ್ತದೆ. ಆ ಮುಖವನ್ನು ಹಿಂದೆ ಎಲ್ಲಿ ನೋಡಿದ್ದೆವು ಎಂದು ನೆನಪಿಸಲು ಅರೆಕ್ಷಣ ಹಳೆಯ ದೃಶ್ಯವೊಂದು ಬಂದು ಹೋಗುತ್ತದೆ. ಚಾನೆಲ್ಲಿನವರು ಹಟ ಹಿಡಿದು ಹಾಕಿಸಿದ್ದಂತೆ. ಆಮೇಲೆ ಅಂಥ ಉಪಕಾರ ಇಲ್ಲ. ನಾನು ಕ್ಯಾಲೆಂಡರ್ ಹಾಳೆ ಹರಿದಿದ್ದು ಇದಕ್ಕೇ. ಆ ಮುಖ ಯಾರದು ಎಂದು ಹೇಳುವುದಿಲ್ಲ, ನೀನು ಇನ್ನರ್ಧ ಗಂಟೆ ಕೂತಿದ್ದರೆ ನಿನಗೇ ಸಿಗುತ್ತಿತ್ತು.

ಎರಡನೆಯ ರಾತ್ರಿ ಕಷ್ಟದ್ದು, ಮೊದಲೇ ಹೇಳಿಬಿಡುತ್ತೇನೆ. ಸ್ಟ್ರಿಂಗರ್ ಇರುವ ಬಾರ್ಕ್ಸ್‌ಡೇಲ್ ಗುಂಪನ್ನು ಹಿಡಿಯಲು ವಿಶೇಷ ತಂಡ ಕಟ್ಟಿ ಎಂದು ಮೇಲಿನಿಂದ ಒತ್ತಡ ಬರುತ್ತದೆ. ಆಗ ಪ್ರತಿಯೊಂದು ವಿಭಾಗವೂ ತನಗೆ ಬೇಡವಾದವರನ್ನು ಕಳಿಸುತ್ತದೆ. ನಿವೃತ್ತಿ ಎದುರು ನೋಡುತ್ತಿರುವ ಇಬ್ಬರು ಕುಡುಕರು, ಪ್ರಭಾವಿ ಮಾವನ ದೆಸೆಯಿಂದ ಕೆಲಸ ಉಳಿಸಿಕೊಂಡಿರುವ ಒಬ್ಬ ಅಳಿಯ, ಹೀಗೆ. ನಿಯೋಜನೆಯ ಆದೇಶ ಬಂದಾಗ ಯಾರನ್ನು ಕಳಿಸುತ್ತಾರೆ ಎಂಬುದು ಯಾವುದೇ ಕಚೇರಿಯಲ್ಲಿ ದುಡಿದವನಿಗೆ ಗೊತ್ತು, ನಾನು ಒಬ್ಬನೇ ಕೂತು ನಕ್ಕೆ. ನಗು ನಿಲ್ಲುವುದು ಆ ತಂಡದ ಮೂವರು ನಡುರಾತ್ರಿ ಕುಡಿದು, ಪೌರುಷ ತೋರಿಸಲು ಕಾರು ಹತ್ತಿದಾಗ. ಅಲ್ಲಿ ಒಬ್ಬ ಹುಡುಗನಿಗೆ ಆಗುವುದನ್ನು ನೋಡಿ ನಾನು ಟಿವಿ ಆರಿಸಿ ವರಾಂಡಕ್ಕೆ ಹೋಗಿ ನಿಂತೆ. ಅದಕ್ಕೇ ಒಂದು ರಾತ್ರಿಗೆ ಒಂದೇ ಕಂತು ಎನ್ನುವುದು. ಒಂದೊಂದೂ ಸುಮಾರು ಒಂದು ಗಂಟೆ. ಮೂರನ್ನೂ ಒಟ್ಟಿಗೆ ನುಂಗಿದರೆ ಎರಡನೆಯದರ ಪೆಟ್ಟು ಮೂರನೆಯದರ ಗದ್ದಲದಲ್ಲಿ ಹೂತುಹೋಗುತ್ತದೆ.

ಆ ತಂಡದಲ್ಲಿ ಫ್ರೀಮನ್ ಎಂಬ ಹಿರಿಯನೊಬ್ಬನಿದ್ದಾನೆ. ಮಾತಿಲ್ಲ ಕಥೆಯಿಲ್ಲ. ನೆಲಮಾಳಿಗೆಯ ಆ ಕೋಣೆಯಲ್ಲಿ ಮೇಜಿನ ಮುಂದೆ ಕೂತು ಬೊಂಬೆಮನೆಗೆ ಇಡುವಂಥ ಪುಟ್ಟ ಪುಟ್ಟ ಕುರ್ಚಿ-ಮೇಜುಗಳನ್ನು ಉಜ್ಜುತ್ತಾನೆ. ನನ್ನ ಹಾಳೆಯಲ್ಲಿ ಅವನ ಹೆಸರನ್ನು ತೀರಾ ಕೆಳಗೆ ಬರೆದು, ಪಕ್ಕದಲ್ಲಿ "ದಂಡಪಿಂಡ" ಎಂದು ಷರಾ ಹಾಕಿದ್ದೆ. ಮೂರನೆಯ ರಾತ್ರಿ ಅದನ್ನು ಹೊಡೆದುಹಾಕಬೇಕಾಯಿತು. ಗುಂಪಿನ ಯಜಮಾನ ಏವನ್ ಬಾರ್ಕ್ಸ್‌ಡೇಲ್ ನೋಡಲು ಹೇಗಿದ್ದಾನೆ ಎಂಬುದೇ ಪೊಲೀಸರಿಗೆ ಗೊತ್ತಿರುವುದಿಲ್ಲ. ಒಂದು ಫೋಟೋ ಕೂಡ ಇಲ್ಲ. ಉಳಿದವರು ಬಾಗಿಲು ಒಡೆಯುವ ಮಾತಾಡುತ್ತಿರುವಾಗ ಈ ಬೊಂಬೆಕುರ್ಚಿಯವನು ಸುಮ್ಮನೆ ಎದ್ದು ಹೋಗಿ ಒಂದು ವಸ್ತು ಹುಡುಕಿ ತರುತ್ತಾನೆ. ಏನೆಂದು ಬರೆಯುವುದಿಲ್ಲ.

ಆದರೆ ಅದೇ ಕಂತಿನ ಚದುರಂಗದ ದೃಶ್ಯದ ಬಗ್ಗೆ ಬರೆಯದೆ ಇರಲಾರೆ. ಬಡಾವಣೆಯ ಅಂಗಳದಲ್ಲಿ ಒಂದು ಕಿತ್ತಳೆ ಬಣ್ಣದ ಹಳೆಯ ಸೋಫಾ. ಅಲ್ಲಿ ಬೋಡಿ, ವಾಲೇಸ್ ಎಂಬ ಇಬ್ಬರು ಹುಡುಗರು ಚದುರಂಗದ ಕಾಯಿಗಳನ್ನು ಇಟ್ಟುಕೊಂಡು ಚೆಕ್ಕರ್ಸ್ ಆಡುತ್ತಿದ್ದಾರೆ. ನಾವು ಚದುರಂಗದ ಮಣೆಯ ಮೇಲೆ ಆಡು-ಹುಲಿ ಆಡಿದಂತೆ ಅಂದುಕೋ. ಡಿಆಂಜೆಲೊಗೆ ತಡೆಯಲಾಗುವುದಿಲ್ಲ, ಕೂತು ಹೇಳಿಕೊಡುತ್ತಾನೆ. ಇವನು ರಾಜ, ಇವನನ್ನು ಹಿಡಿದರೆ ಆಟ ಮುಗಿಯಿತು. ಇದು ಎಲ್ಲ ದಿಕ್ಕಿಗೂ ನುಗ್ಗಿ ಕೆಲಸ ಮುಗಿಸುವ ಕಾಯಿ. ಅದು ಸ್ಟ್ರಿಂಗರ್‌ನಂತಿದೆ ಎಂದು ಹುಡುಗರಿಗೆ ತಕ್ಷಣ ಹೊಳೆಯುತ್ತದೆ. ಇಂಗ್ಲಿಷಿನಲ್ಲಿ ಆ ಕಾಯಿ ರಾಣಿ, ಗಡ್ಡದ ಗಂಡಸಿಗೆ ಹೋಲಿಸಲು ಸ್ವಲ್ಪ ಎಳೆದಾಡಬೇಕು. ನಮ್ಮ ಮಣೆಯ ಮೇಲೆ ಅದು ಮಂತ್ರಿ! ಯಜಮಾನನ ಪಕ್ಕದಲ್ಲಿ ನಿಂತು ಎಲ್ಲವನ್ನೂ ನಡೆಸುವವನು. ಅವರಿಗಿಂತ ನಮಗೇ ಆ ಹೋಲಿಕೆ ಸಲೀಸು. ಇನ್ನೊಂದು ಕಡೆ ನಮಗೆ ನಷ್ಟವೂ ಇದೆ. ಅವರ ಕೋಟೆ ನಮ್ಮಲ್ಲಿ ಆನೆ. ಮಾಲು ಬಚ್ಚಿಡುವ ಮನೆಯನ್ನು ಆಗಾಗ ಜಾಗ ಬದಲಿಸುವುದಕ್ಕೆ ಅವನು ಕೋಟೆಯ ನಡೆಯನ್ನು ಹೋಲಿಸುತ್ತಾನೆ, ಆನೆ ಎಂದರೆ ಅದು ಹೊಂದುವುದಿಲ್ಲ.

ಕೊನೆಗೆ ಕಾಲಾಳುಗಳ ಸರದಿ. ಕಾಲಾಳು ಆಚೆ ದಡ ಮುಟ್ಟಿದರೆ ಗೆದ್ದಂತೆಯೇ ಎಂದು ಬೋಡಿ ಕೇಳುತ್ತಾನೆ. ಇಲ್ಲ, ರಾಜ ರಾಜನಾಗಿಯೇ ಇರುತ್ತಾನೆ, ಕಾಲಾಳುಗಳು ಬಹಳ ಬೇಗ ಹೋಗಿಬಿಡುತ್ತವೆ ಎನ್ನುತ್ತಾನೆ ಡಿಆಂಜೆಲೊ. ಬೋಡಿಗೆ ಅದು ಒಪ್ಪಿಗೆಯಿಲ್ಲ. ಚುರುಕಾದ ಕಾಲಾಳಾಗಿದ್ದರೆ, ಎಂದು ವಾದಿಸುತ್ತಾನೆ. ವಾಲೇಸ್ ಕಾಯಿಗಳನ್ನೇ ನೋಡುತ್ತಾ ಕೂತಿರುತ್ತಾನೆ. ಇಡೀ ದೃಶ್ಯ ಮೂರು ನಿಮಿಷವೂ ಇರಲಾರದು. ಅದು ಮುಗಿದಾಗ ನನ್ನ ಹಾಳೆಯ ಬಲಗಡೆಯನ್ನು ನೋಡಿದೆ. ಮೇಲೆ ಏವನ್, ಅವನ ಕೆಳಗೆ ಸ್ಟ್ರಿಂಗರ್, ತಳದಲ್ಲಿ ಸಾಲಾಗಿ ಹುಡುಗರು. ಎರಡು ರಾತ್ರಿ ಗೊತ್ತಿಲ್ಲದೆ ನಾನು ಬರೆದುಕೊಂಡಿದ್ದು ಅದೇ ಮಣೆ.

ಮೂರು ಎಂಬ ಲೆಕ್ಕ ಇದಕ್ಕೇ. ಎಲ್ಲ ಸರಣಿಗೂ ಇದು ಸಲ್ಲುತ್ತದೆ ಎನ್ನಲಾರೆ. ಕಳೆದ ವರ್ಷ ಇನ್ನೊಂದಕ್ಕೆ ಇದೇ ಲೆಕ್ಕದಲ್ಲಿ ಮೂರು ರಾತ್ರಿ ಕೊಟ್ಟು ನಿದ್ದೆ ಕಳೆದುಕೊಂಡೆ. ಇದರಲ್ಲಿ ಮಾತ್ರ ಮೊದಲನೆಯದರಲ್ಲಿ ಬಿತ್ತಿದ್ದು ಮೂರನೆಯದರಲ್ಲಿ ಮೊಳಕೆ ಕಾಣಿಸುತ್ತದೆ. (ಕಾಫಿಯ ಹೋಲಿಕೆ ಕೊಡುವುದಿಲ್ಲ, ಪೇಟೆಯವರಿಂದ ಅದನ್ನು ಕೇಳಿ ಕೇಳಿ ನಿನಗೆ ಸಾಕಾಗಿದೆ.) ಹೆಸರಿನಲ್ಲಿರುವ 'ವೈರ್', ಅಂದರೆ ಫೋನ್ ಕದ್ದಾಲಿಕೆ, ಮೂರು ಕಂತು ಮುಗಿದರೂ ಶುರುವಾಗುವುದಿಲ್ಲ, ಅದಕ್ಕಾಗಿ ಕಾದು ಬೇಸರಪಡಬೇಡ. ಮೂರನೆಯ ರಾತ್ರಿ ಫ್ರೀಮನ್ ಆ ವಸ್ತು ತಂದಾಗಲೂ ನಿನಗೆ ಏನೂ ಅನ್ನಿಸದಿದ್ದರೆ ಬಿಟ್ಟುಬಿಡು, ಮುಂದಿನ ಐವತ್ತೇಳು ಕಂತುಗಳಲ್ಲಿ ನಿನಗೆ ಬೇರೆ ಏನೂ ಸಿಗುವುದಿಲ್ಲ.

ಇನ್ನೊಂದು ಮಾತು, ಅಮ್ಮ ಹಾಲ್‌ನಲ್ಲಿ ಕೂತಿರುವಾಗ ಹಾಕಬೇಡ. ಬೈಗುಳಗಳು ಧಾರಾಳ, ಬೇರೆ ದೃಶ್ಯಗಳೂ ಇವೆ. ಅವರು ಮಲಗಿದ ಮೇಲೆ, ಕರೆಂಟ್ ಇದ್ದರೆ.

ನನ್ನ ಕ್ಯಾಲೆಂಡರ್ ಹಾಳೆಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಫ್ರೀಮನ್ ಪಕ್ಕದ "ದಂಡಪಿಂಡ"ವನ್ನು ಹೊಡೆದುಹಾಕಿದ್ದು ಕಾಣುತ್ತದೆ. ಬಲಗಡೆ ಕೆಳಗೆ ಕಾಫಿ ಚೆಲ್ಲಿ ಮಸುಕಾಗಿರುವ ಹೆಸರು ವಾಲೇಸ್. ಮುಂದಿನ ಎರಡನೇ ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಫ್ರೀಮನ್ ತಂದದ್ದು ಏನು ಎಂದು ಗೇಟಿನಲ್ಲೇ ಕೇಳುವವನಿದ್ದೇನೆ.

ನಿನ್ನ,
ಹಾಸನದ ಟೈಪಿಸ್ಟ್