ಕಬ್ಬಿನ ಕಸದ ಎಣ್ಣಿ ಬಾವಿಗೆ ಇಳಿಯುತ್ತಾ? ನಾನು ಲೆಕ್ಕ ಹಾಕಿದ ರೀತಿ

ನಾನು ಮುಧೋಳ ಸುತ್ತಮುತ್ತ ಕಬ್ಬು ಬೆಳೆಯುವವರಿಗೆ ಮಣ್ಣು, ಗೊಬ್ಬರ, ಔಷಧಿ ಬಗ್ಗೆ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ಕಸದ ಎಣ್ಣಿ ಅಂದರೆ ಕಳೆನಾಶಕ. ಅದರ ಬಗ್ಗೆ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ, ಕಸ ಸಾಯುತ್ತೋ ಇಲ್ಲವೋ ಅನ್ನೋದು. ಒಬ್ಬ ಹಿರಿಯರು ಮಾತ್ರ ಬೇರೆ ಕೇಳಿದರು. "ಸಾಹೇಬ್ರ, ಈ ಎಣ್ಣಿ ಹೊಡದ್ರ ನಮ್ ಬಾವಿಗೆ ಇಳಿತೈತೇನ್ರಿ? ಮನಿ ಮಂದೆಲ್ಲ ಅದ ನೀರು ಕುಡಿತಾರ್ರಿ."

ಅವರ ಹೊಲ ಎರಡು ತುಂಡು. ಹಳ್ಳದ ಕಡೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ದಿನ್ನೆ ಮೇಲೆ ಮಸಾರಿ, ಅಂದರೆ ಕೆಂಪು ಮಣ್ಣು. ಬಾವಿ ಇರೋದು ಮಸಾರಿ ತುಂಡಿನ ಕೆಳಗಿನ ಅಂಚಿಗೆ. ಎರಡೂ ಕಡೆ ಕಬ್ಬು. ಹೊಡೆಯುತ್ತಿದ್ದದ್ದು ಅಟ್ರಜಿನ್.

ಇಂಥ ಪ್ರಶ್ನೆಗೆ ನೇರವಾಗಿ ಬಾವಿ ನೀರನ್ನು ಪರೀಕ್ಷೆಗೆ ಕಳಿಸಬಹುದು. ಆದರೆ ಆ ಪರೀಕ್ಷೆ ದುಬಾರಿ. ಯಾವ ಔಷಧಿ ಹುಡುಕಬೇಕು ಅನ್ನೋದು ಮೊದಲೇ ಗೊತ್ತಿರಬೇಕು. ಅದಕ್ಕಿಂತ ಮುಂಚೆ ಕಾಗದದ ಮೇಲೆ ಜರಡಿ ಹಿಡಿಯಬಹುದು. ಅದಕ್ಕೆ ಎರಡೇ ಸಂಖ್ಯೆ ಸಾಕು.

ಮೊದಲನೆಯದು ಅರ್ಧಾಯುಷ್ಯ. ಮಣ್ಣಿಗೆ ಬಿದ್ದ ಔಷಧಿಯಲ್ಲಿ ಅರ್ಧ ಭಾಗ ಕೊಳೆತು ಹೋಗಲು ಬೇಕಾದ ದಿನಗಳು. ಎರಡನೆಯದು ಕೆಒಸಿ. ಔಷಧಿ ಮಣ್ಣಿನ ಸಾವಯವ ಇಂಗಾಲಕ್ಕೆ ಎಷ್ಟು ಅಂಟಿಕೊಳ್ಳುತ್ತೆ, ನೀರಿನಲ್ಲಿ ಎಷ್ಟು ಉಳಿಯುತ್ತೆ ಅನ್ನೋದರ ಅನುಪಾತ. ಕೆಒಸಿ ಜಾಸ್ತಿ ಇದ್ದರೆ ಔಷಧಿ ಮಣ್ಣಿನಲ್ಲೇ ಕೂರುತ್ತೆ. ಕಡಿಮೆ ಇದ್ದರೆ ನೀರಿನ ಜೊತೆ ಹೊರಡುತ್ತೆ. ಬೇಗ ಕೊಳೆಯದೆ, ಸರಿಯಾಗಿ ಅಂಟಿಕೊಳ್ಳದೆ ಇರುವ ಔಷಧಿಯೇ ಬಾವಿಗೆ ಇಳಿಯೋದು.

1989ರಲ್ಲಿ ಗುಸ್ಟಾಫ್ಸನ್ ಎಂಬ ವಿಜ್ಞಾನಿ ಈ ಎರಡನ್ನೂ ಸೇರಿಸಿ ಒಂದೇ ಅಂಕ ಮಾಡಿದರು. ಕ್ಯಾಲಿಫೋರ್ನಿಯಾದ ಬಾವಿಗಳಲ್ಲಿ ಯಾವ ಔಷಧಿ ಸಿಕ್ಕಿತು, ಯಾವುದು ಸಿಗಲಿಲ್ಲ ಅನ್ನೋದನ್ನು ನೋಡಿ ಗೆರೆ ಎಳೆದರು. ಅದಕ್ಕೆ ಜಿಯುಎಸ್ ಅಂಕ ಅನ್ನುತ್ತಾರೆ. ನಾನು ಎಕ್ಸೆಲ್‌ನಲ್ಲಿ ಅರ್ಧಾಯುಷ್ಯವನ್ನು B ಕಾಲಂನಲ್ಲಿ, ಕೆಒಸಿಯನ್ನು C ಕಾಲಂನಲ್ಲಿ ಹಾಕಿ ಹೀಗೆ ಬರೆಯುತ್ತೇನೆ:

```
=LOG10(B2)*(4-LOG10(C2))
```

ಉತ್ತರ 2.8ಕ್ಕಿಂತ ಜಾಸ್ತಿ ಬಂದರೆ ಆ ಔಷಧಿ ಇಳಿಯುವ ಜಾತಿ. 1.8ಕ್ಕಿಂತ ಕಡಿಮೆ ಬಂದರೆ ಇಳಿಯದ ಜಾತಿ. ನಡುವೆ ಬಂದರೆ ಹೇಳಲಾಗದು, ಮಣ್ಣು ನೋಡಬೇಕು.

ಅಟ್ರಜಿನ್‌ಗೆ ಪಟ್ಟಿಗಳಲ್ಲಿ ಕೊಡುವ ಕೆಒಸಿ 100, ಅರ್ಧಾಯುಷ್ಯ 60 ದಿನ. 60ರ ಲಾಗ್ 1.78. 100ರ ಲಾಗ್ 2. ನಾಲ್ಕರಲ್ಲಿ ಎರಡು ಕಳೆದರೆ ಎರಡು. ಗುಣಿಸಿದರೆ 3.56. ಗೆರೆ ದಾಟಿ ಸಾಕಷ್ಟು ಮುಂದೆ ಹೋಯಿತು. ಹೋಲಿಕೆಗೆ ಪೆಂಡಿಮೆಥಾಲಿನ್ ಎಂಬ ಇನ್ನೊಂದು ಕಳೆನಾಶಕವನ್ನು ಲೆಕ್ಕಕ್ಕೆ ಹಾಕಿ ನೋಡಿದೆ. ಅದರ ಅರ್ಧಾಯುಷ್ಯ ಇನ್ನೂ ಜಾಸ್ತಿ, 90 ದಿನ. ಆದರೆ ಕೆಒಸಿ 5,000. ಅಂಕ ಬಂದದ್ದು 0.59 ಮಾತ್ರ. ಬಹಳ ದಿನ ಉಳಿದರೂ ಅದು ಮೇಲ್ಮಣ್ಣಿನಲ್ಲೇ ಉಳಿಯುತ್ತೆ.

ಇಲ್ಲಿಗೆ ನಿಲ್ಲಿಸುವವರು ಜಾಸ್ತಿ. ನಾನು ನಿಲ್ಲಿಸುವುದಿಲ್ಲ. ಅರ್ಧಾಯುಷ್ಯ ಅನ್ನೋದು ಊರೂರಿಗೆ ಬದಲಾಗುತ್ತೆ. ಹಾಗಾಗಿ ಒಂದೇ ಸಂಖ್ಯೆ ನಂಬದೆ ಕಡಿಮೆಯದು, ಜಾಸ್ತಿಯದು ಎರಡನ್ನೂ ಹಾಕುತ್ತೇನೆ. ಅಟ್ರಜಿನ್‌ಗೆ 29 ದಿನ ಹಾಕಿದರೆ 2.92, 75 ದಿನ ಹಾಕಿದರೆ 3.75. ಎರಡೂ ಗೆರೆಯ ಮೇಲೇ ಇವೆ. ಅಂದರೆ ಉತ್ತರ ಗಟ್ಟಿ. 2,4-ಡಿ ಹಾಗಲ್ಲ. ಕೆಒಸಿ 20, ಅರ್ಧಾಯುಷ್ಯ 10 ದಿನ ಅಂತ ಹಾಕಿದರೆ 2.70, ನಡುವಿನ ಜಾಗ. 4 ದಿನ ಹಾಕಿದರೆ 1.62ಕ್ಕೆ ಇಳಿಯುತ್ತೆ, 20 ದಿನ ಹಾಕಿದರೆ 3.51ಕ್ಕೆ ಏರುತ್ತೆ. ಇಂಥ ಔಷಧಿಗೆ ಒಂದೇ ಅಂಕ ಬರೆದುಕೊಟ್ಟರೆ ಅದು ಸಲಹೆಯೇ ಅಲ್ಲ.

ಸಂಖ್ಯೆ ಆರಿಸುವಾಗ ಒಂದು ಕಡೆ ಜನ ತಪ್ಪುತ್ತಾರೆ. ಪಟ್ಟಿಯಲ್ಲಿ ಮಣ್ಣಿನ ಅರ್ಧಾಯುಷ್ಯ, ನೀರಿನದು, ಎಲೆಯ ಮೇಲಿನದು ಬೇರೆ ಬೇರೆ ಇರುತ್ತೆ. ಎಲೆಯ ಮೇಲೆ ಬಿಸಿಲಿಗೆ ಬೇಗ ಹಾಳಾಗುವ ಔಷಧಿ ಮಣ್ಣಿನೊಳಗೆ ತಿಂಗಳುಗಟ್ಟಲೆ ಇರಬಹುದು. ನಮಗೆ ಬೇಕಾದದ್ದು ಮಣ್ಣಿನದು. ಆಮೇಲೆ ನಮ್ಮ ಮಣ್ಣಿನ ರಸಸಾರ ನೋಡಬೇಕು. ಇಲ್ಲಿನ ಎರಿ ಭೂಮಿಯಲ್ಲಿ ಅದು ಸಾಮಾನ್ಯವಾಗಿ 8ರ ಮೇಲೇ ಇರುತ್ತೆ. ಅಟ್ರಜಿನ್ ಹುಳಿ ಮಣ್ಣಿನಲ್ಲಿ ಬೇಗ ಒಡೆಯುತ್ತೆ, ಕ್ಷಾರ ಮಣ್ಣಿನಲ್ಲಿ ನಿಧಾನ. ಅದಕ್ಕೇ ನಾನು 29 ದಿನ ಬಿಟ್ಟು 60 ದಿನ ಹಿಡಿದು ಮುಂದಿನ ಲೆಕ್ಕ ಮಾಡಿದೆ.

ಮುಂದಿನ ಲೆಕ್ಕ ಯಾಕೆ ಬೇಕು ಅಂದರೆ, ಜಿಯುಎಸ್ ಅಂಕದಲ್ಲಿ ನಮ್ಮ ಹೊಲವೇ ಇಲ್ಲ. ಮಣ್ಣು ಯಾವುದು, ನೀರು ಎಷ್ಟು ಹಾಯಿಸುತ್ತೀವಿ, ಬಾವಿ ಎಷ್ಟು ಆಳ, ಎಣ್ಣಿ ಎಷ್ಟು ಹಾಕಿದ್ವಿ, ಯಾವುದೂ ಅದಕ್ಕೆ ಗೊತ್ತಿಲ್ಲ.

ಹೊಲವನ್ನು ಲೆಕ್ಕಕ್ಕೆ ತರಲು ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿರುವ ಸಾವಯವ ಇಂಗಾಲ ಸಾಕು. ಎರಿ ತುಂಡಿನಲ್ಲಿ ಅದು 0.5 ಶೇಕಡಾ ಇತ್ತು. ಕೆಒಸಿ 100ನ್ನು 0.005ರಿಂದ ಗುಣಿಸಿದರೆ 0.5. ಈ ಮಣ್ಣಿಗೆ ಅಟ್ರಜಿನ್ ಅಂಟಿಕೊಳ್ಳುವ ಅಳತೆ ಅದು. ಅದನ್ನು ಮಣ್ಣಿನ ಸಾಂದ್ರತೆ 1.3ರಿಂದ ಗುಣಿಸಿ, ಮಣ್ಣು ಹಿಡಿದಿಡುವ ನೀರಿನ ಪಾಲು 0.35 ಕೂಡಿಸಿದೆ. ಬಂದದ್ದು 1. ಇದರ ಅರ್ಥ ಸರಳ. ಅಟ್ರಜಿನ್ ಒಂದು ಮೀಟರ್ ಕೆಳಗೆ ಹೋಗಬೇಕಾದರೆ ಸುಮಾರು ಒಂದು ಮೀಟರ್ ನೀರು ಮಣ್ಣಿನ ಮೂಲಕ ಕೆಳಗೆ ಇಳಿಯಬೇಕು. ಪೆಂಡಿಮೆಥಾಲಿನ್‌ಗೆ ಇದೇ ಲೆಕ್ಕ ಮಾಡಿದರೆ ಸುಮಾರು 33 ಮೀಟರ್ ನೀರು ಬೇಕು! ಎರಡು ಔಷಧಿಗಳ ಅಂತರ ಆ ಹಿರಿಯರಿಗೆ ಮನಸ್ಸಿಗೆ ಬಂದದ್ದು ಇದನ್ನು ಹೇಳಿದಾಗಲೇ.

ಎರಿಯಲ್ಲಿ ಬೇರಿನ ಕೆಳಗೆ ಸೋರುವ ನೀರನ್ನು ದಿನಕ್ಕೆ 2 ಮಿಲಿಮೀಟರ್ ಅಂತ ಹಿಡಿದೆ. ಹತ್ತು ದಿನಕ್ಕೊಮ್ಮೆ ನೀರು ಹಾಯಿಸಿ, ಪ್ರತಿ ಸಲ 2 ಸೆಂಟಿಮೀಟರ್ ವ್ಯರ್ಥ ಇಳಿದರೆ ಅಷ್ಟಾಗುತ್ತೆ. ಒಂದು ಮೀಟರ್ ದಾಟಲು 500 ದಿನ. ಅಷ್ಟರಲ್ಲಿ ಎಂಟಕ್ಕಿಂತ ಜಾಸ್ತಿ ಅರ್ಧಾಯುಷ್ಯ ಕಳೆದಿರುತ್ತೆ. ಉಳಿಯುವುದು ಸಾವಿರಕ್ಕೆ ಮೂರು ಪಾಲು.

ಮಸಾರಿಯಲ್ಲಿ ಇಂಗಾಲ 0.4 ಶೇಕಡಾ, ಸಾಂದ್ರತೆ 1.5, ನೀರು ಹಿಡಿಯುವ ಪಾಲು 0.2. ಅಲ್ಲಿ ಒಂದು ಮೀಟರ್ ದಾಟಲು 0.8 ಮೀಟರ್ ನೀರು ಸಾಕು. ವ್ಯತ್ಯಾಸ ಸಣ್ಣದು ಅನಿಸುತ್ತೆ ಅಲ್ವಾ? ಆದರೆ ಮಸಾರಿಯಲ್ಲಿ ನೀರು ಸೋರೋದು ದುಪ್ಪಟ್ಟು. ದಿನಕ್ಕೆ 4 ಮಿಲಿಮೀಟರ್ ಹಿಡಿದರೆ 200 ದಿನಕ್ಕೇ ದಾಟುತ್ತೆ. ಉಳಿಯುವುದು ನೂರಕ್ಕೆ ಹತ್ತು ಪಾಲು. ಒಂದೇ ಎಣ್ಣಿ, ಒಂದೇ ರೈತ, ಪಕ್ಕಪಕ್ಕದ ಹೊಲ. ಇಳಿಯುವ ಪಾಲು ಮೂವತ್ತು ಪಟ್ಟು ಜಾಸ್ತಿ. ಒಂದು ಮೀಟರ್ ಕೆಳಗೆ ಇಂಗಾಲವೂ ಕಡಿಮೆ, ಸೂಕ್ಷ್ಮಜೀವಿಗಳೂ ಕಡಿಮೆ. ಅಲ್ಲಿಗೆ ಹೋದದ್ದು ಇನ್ನೂ ನಿಧಾನವಾಗಿ ಕೊಳೆಯುತ್ತೆ.

ಹಾಗಂತ ಎರಿ ಭೂಮಿಗೆ ಭಯವೇ ಇಲ್ಲ ಅಂತಲ್ಲ. ಲೆಕ್ಕ ಹೇಳೋದು ನೀರು ಮಣ್ಣಿನ ಕಣಕಣದ ಮೂಲಕ ಇಳಿದಾಗಿನ ಮಾತು. ಬೇಸಿಗೆಯಲ್ಲಿ ಎರಿ ಬಿರುಕು ಬಿಡುತ್ತೆ. ಕೈ ತೂರುವಷ್ಟು ಬಿರುಕು ಇರುವಾಗ ಎಣ್ಣಿ ಹೊಡೆದು ಮರುದಿನ ನೀರು ಬಿಟ್ಟರೆ, ನೀರು ಮಣ್ಣನ್ನು ಮುಟ್ಟದೆ ಬಿರುಕಿನಲ್ಲಿ ಕೆಳಗೆ ಓಡುತ್ತೆ. ಆಗ ಕೆಒಸಿಗೆ ಕೆಲಸವೇ ಇಲ್ಲ. ಇನ್ನೊಂದು ಕಡೆ, ಎರಿಯ ಜಿಗುಟು ಮಣ್ಣೂ ಸ್ವಲ್ಪ ಅಟ್ರಜಿನ್ ಹಿಡಿದುಕೊಳ್ಳುತ್ತೆ. ಇಂಗಾಲವನ್ನಷ್ಟೇ ನೋಡುವ ನನ್ನ ಲೆಕ್ಕದಲ್ಲಿ ಅದು ಬಂದಿಲ್ಲ. ಅಂದರೆ ಬಿರುಕು ಇಲ್ಲದಾಗ ನಿಜವಾದ ಅಪಾಯ ಲೆಕ್ಕಕ್ಕಿಂತ ಕಡಿಮೆ, ಬಿರುಕು ಇದ್ದಾಗ ಜಾಸ್ತಿ.

ಎಣ್ಣಿ ಬದಲಿಸಿದರೆ ಮುಗಿಯಿತಲ್ಲ ಅಂತ ಅವರು ಕೇಳಿದರು. ಕಬ್ಬಿಗೆ ಇಲ್ಲಿ ಸಿಗುವ ಇನ್ನೊಂದು ಎಣ್ಣಿ ಮೆಟ್ರಿಬುಜಿನ್. ಕೆಒಸಿ 60, ಅರ್ಧಾಯುಷ್ಯ 40 ದಿನ. ಅಂಕ ಮತ್ತೆ 3.56. ಬದಲಿಸಿದರೂ ನಿಂತಲ್ಲೇ ನಿಂತ ಹಾಗೆ. ಪೆಂಡಿಮೆಥಾಲಿನ್ ಅಂಕ ಚೆನ್ನಾಗಿದೆ. ಆದರೆ ಲೇಬಲ್ ಮೇಲೆ ಬೆಳೆಯ ಹೆಸರು ಇಲ್ಲದ ಎಣ್ಣಿಯನ್ನು ಅಂಕ ನೋಡಿ ಸುಮ್ನೆ ಹೊಡೆಯಿರಿ ಅಂತ ನಾನು ಯಾರಿಗೂ ಹೇಳಲ್ಲ.

ಹಾಗಾಗಿ ಎಣ್ಣಿಗಿಂತ ಜಾಗ, ನೀರು ಬದಲಿಸುವುದು ಅಂತ ತೀರ್ಮಾನ ಮಾಡಿದೆವು. ಮಸಾರಿ ತುಂಡಿನಲ್ಲಿ ಅಟ್ರಜಿನ್ ನಿಲ್ಲಿಸಿ ಎಡೆ ಹೊಡೆಯುವುದು, ಕುಳೆ ಕಬ್ಬಿನಲ್ಲಿ ರವದಿ ಸುಡದೆ ಸಾಲಿನ ನಡುವೆ ಹಾಸುವುದು. ರವದಿ ಕಸ ಏಳದಂತೆ ತಡೆಯುತ್ತೆ, ಕೊಳೆತರೆ ಇಂಗಾಲವನ್ನೂ ಕೊಡುತ್ತೆ. ಎರಿಯಲ್ಲಿ ಮೊದಲು ನೀರು ಕೊಟ್ಟು ಬಿರುಕು ಮುಚ್ಚಿಸಿ, ಹದ ಬಂದ ಮೇಲೆ ಎಣ್ಣಿ, ಆಮೇಲಿನ ನೀರು ತೆಳ್ಳಗೆ.

ನೀರಿನ ಪರೀಕ್ಷೆಯನ್ನೂ ಮಾಡಿಸಿ ಅಂದೆ. ಅಟ್ರಜಿನ್ ಜೊತೆಗೆ ಅದು ಒಡೆದಾಗ ಹುಟ್ಟುವ ಡೀಇಥೈಲ್ ಅಟ್ರಜಿನ್ ಕೂಡ ನೋಡಲು ಪ್ರಯೋಗಾಲಯಕ್ಕೆ ಬರೆದುಕೊಡಬೇಕು. ಅದು ಮಣ್ಣಿಗೆ ಇನ್ನೂ ಕಡಿಮೆ ಅಂಟುತ್ತೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಅಟ್ರಜಿನ್‌ಗೆ ಇಟ್ಟ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ. ಅಷ್ಟು ಸಣ್ಣ ಪ್ರಮಾಣ ಹಿಡಿಯುವ ಯಂತ್ರ ಇದೆಯಾ ಅಂತ ಮೊದಲೇ ಕೇಳಿಕೊಳ್ಳಬೇಕು. ಇಲ್ಲದಿದ್ದರೆ "ಕಂಡುಬಂದಿಲ್ಲ" ಅನ್ನುವ ವರದಿಗೆ ಅರ್ಥವಿಲ್ಲ.

ಆ ಮಿತಿಯಿಂದಲೇ ಇನ್ನೊಂದು ಲೆಕ್ಕ ಹುಟ್ಟಿತು. ಅವರು ಎಣ್ಣಿ ಹೊಡೆಯುವ ಪಂಪು ತೊಳೆಯುವ ಜಾಗ ಬಾವಿಯ ಕಟ್ಟೆ. ಎಣ್ಣಿ ಕಲಸುವುದೂ ಅಲ್ಲೇ. ಬಾವಿ 6 ಮೀಟರ್ ಅಗಲ, ನೀರು 4 ಮೀಟರ್ ಇದ್ದಾಗ ಒಳಗೆ ಸುಮಾರು 1 ಲಕ್ಷ 13 ಸಾವಿರ ಲೀಟರ್. ಅಷ್ಟೂ ನೀರು ಮಿತಿ ಮುಟ್ಟಲು 0.23 ಗ್ರಾಂ ಅಟ್ರಜಿನ್ ಸಾಕು. ಅಂಗಡಿಯಲ್ಲಿ ಸಿಗುವ 50 ಶೇಕಡಾ ಪುಡಿಯಲ್ಲಿ ಅದು ಅರ್ಧ ಗ್ರಾಂ ಕೂಡ ಇಲ್ಲ. ಚಿಟಿಕೆಗಿಂತ ಕಡಿಮೆ! ಇಲ್ಲಿ ಅರ್ಧಾಯುಷ್ಯವೂ ಇಲ್ಲ, ಕೆಒಸಿಯೂ ಇಲ್ಲ. ಅಡ್ಡ ಬರಲು ಮಣ್ಣೇ ಇಲ್ಲ.

"ಹಂಗಾದ್ರ ಮೊದ್ಲ ಕಟ್ಟಿ ಬಿಡಸಬೇಕಲ್ರಿ" ಅಂದರು. ಈಗ ಅವರು ಎಣ್ಣಿ ಕಲಸುವ ಬ್ಯಾರಲ್ ಎರಿ ಹೊಲದ ಒಳಗೆ ಇದೆ. ನೀರು ಪೈಪಿನಲ್ಲಿ ಅಲ್ಲಿಗೆ ಬರುತ್ತೆ. ಪಂಪು ತೊಳೆದ ನೀರನ್ನು ಅದೇ ಹೊಲದಲ್ಲಿ, ಎಣ್ಣಿ ಹೊಡೆದ ಸಾಲಿನ ಮೇಲೆ ತೆಳ್ಳಗೆ ಹೊಡೆದು ಮುಗಿಸುತ್ತಾರೆ.