ರೆಕಾರ್ಡ್ ಒಂದೇ ಪದ, ಒತ್ತು ಎರಡು ಕಡೆ

ಇಂಗ್ಲಿಷ್ ಮಾತಾಡುವಾಗ ನಾವು ರೆಕಾರ್ಡ್ ಅನ್ನೋದನ್ನ ಎಲ್ಲ ಕಡೆ ಒಂದೇ ಥರ ಹೇಳ್ತೀವಿ, ಅಲ್ವಾ? ಕನ್ನಡದಲ್ಲಿ ಪದದ ಯಾವ ಭಾಗವನ್ನ ಒತ್ತಿ ಹೇಳಿದರೂ ಅರ್ಥ ಬದಲಾಗಲ್ಲ, ಹಾಗಾಗಿ ಕಿವಿ ಅದನ್ನ ಗಮನಿಸೋದೇ ಇಲ್ಲ.

ದಾಖಲೆ ಅನ್ನೋ ಅರ್ಥಕ್ಕೆ ನಾಮಪದವಾದಾಗ ಒತ್ತು ಮೊದಲ ಭಾಗಕ್ಕೆ: ರೆಕರ್ಡ್. ಕೊನೆಯದು ಮೆತ್ತಗೆ, ಚಿಕ್ಕದಾಗಿ ಮುಗಿಯುತ್ತೆ. ಬ್ರಿಟಿಷರು ಅಲ್ಲಿ ಕಾರ್ಡ್ ಅಂತ ಸ್ವಲ್ಪ ಎಳೆದರೂ ಒತ್ತು ಮಾತ್ರ ಮೊದಲಿಗೇ. ದಾಖಲಿಸು ಅನ್ನೋ ಕ್ರಿಯಾಪದಕ್ಕೆ ರಿಕಾರ್ಡ್. ಗಮನಿಸಿ, ಒತ್ತು ಜಾರಿದಾಗ ಸ್ವರವೂ ಬದಲಾಯಿತು, ರೆ ಹೋಗಿ ರಿ ಆಯಿತು. ಸುಮ್ನೆ ದನಿ ಏರಿಸಿದರೆ ಸಾಲದು. ಒತ್ತಿದ ಭಾಗವನ್ನ ಉದ್ದ ಮಾಡಿ, ಇನ್ನೊಂದನ್ನ ಚಿಕ್ಕದು ಮಾಡಿ.

ಉಡುಗೊರೆ ಪ್ರೆಜಂಟ್, ಸಭೆಯ ಮುಂದೆ ಮಂಡಿಸೋದು ಪ್ರಿಜೆಂಟ್. ಪರ್ಮಿಟ್ ಪರವಾನಗಿ ಚೀಟಿಯಾದರೆ ಒತ್ತು ಪರ್ ಮೇಲೆ, ಅನುಮತಿಸೋದಾದರೆ ಮಿಟ್ ಮೇಲೆ.

ಮೇಜು ತಟ್ಟುತ್ತಾ "ಪ್ಲೀಸ್ ರಿಕಾರ್ಡ್ ದಿಸ್ ಇನ್ ದ ರೆಕರ್ಡ್" ಅಂತ ಹೇಳಿ ನೋಡಿ. ಮೊದಲನೆಯದಕ್ಕೆ ತಟ್ಟು ಎರಡನೇ ಭಾಗದ ಮೇಲೆ, ಕೊನೆಯದಕ್ಕೆ ಮೊದಲ ಭಾಗದ ಮೇಲೆ ಬೀಳಬೇಕು.

ಇದನ್ನ ಎಲ್ಲ ಪದಕ್ಕೂ ಹಚ್ಚಬೇಡಿ. ರಿಪೋರ್ಟ್ ಮತ್ತು ವಿಸಿಟ್ ನಾಮಪದವಾದರೂ ಕ್ರಿಯಾಪದವಾದರೂ ಹಾಗೇ ಇರುತ್ತವೆ.